ಬೇಕು ಎನ್ನದೆ ಬೇಡುವುದು

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಡೆ ಮಡಚುತ್ತಾ ಮನೆಗೆ ಬಂದಳು. ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಅಡಿಕೆಯ ಕೊಳೆರೋಗದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಕೊಳೆರೋಗ ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಗೆ ಸಣ್ಣ ಸಣ್ಣ ಬೀಜಾಣು ಚೀಲಗಳಿರುತ್ತವೆ. ನೀರಿನಲ್ಲಿ ತಂಪು ತಗುಲಿದಾಗ ಆ ಚೀಲಗಳು ಒಡೆದು ಈಜುವ ಬೀಜಾಣುಗಳು ಹೊರಬರುತ್ತವೆ. ಮಳೆ ಹಿಡಿದು ಕೂತ ಆಷಾಢದಲ್ಲಿ ಗೊನೆಗೊನೆಯೂ ಕೊಳೆತು ಉದುರುವುದಕ್ಕೆ ಈ ಈಜಾಟವೇ ಮೂಲ. ಇವಳು ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಬೇಕು. ಎಷ್ಟು ಡಿಗ್ರಿ ತಂಪು, ಎಷ್ಟು ನಿಮಿಷ ಎನ್ನುವುದು ತಿಳಿಯದೆ ಮೂರು ವಾರ ಒದ್ದಾಡಿದ್ದಾಳೆ. ಡಚ್ ಪ್ರೊಫೆಸರ್ ಒಬ್ಬರು 2009ರಲ್ಲಿ ಬರೆದ ಸಂಶೋಧನಾ ಲೇಖನವೊಂದರಲ್ಲಿ ಅದೆಲ್ಲ ಇದೆ ಎಂದು ಗೊತ್ತಾಗಿದೆ. ಆದರೆ ಅಂತರ್ಜಾಲದಲ್ಲಿ ಅದರ ಸಾರಾಂಶ ಮಾತ್ರ ಪುಕ್ಕಟೆ. ಪೂರ್ತಿ ಲೇಖನಕ್ಕೆ 30ರಿಂದ 40 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಕೇಳುತ್ತಾರೆ.

"ಅವರಿಗೇ ಬರೆದು ಕೇಳಿದೆ ಸರ್. ತಿಂಗಳಾಯಿತು, ಉತ್ತರವೇ ಇಲ್ಲ" ಅಂದಳು. ಬರೆದದ್ದನ್ನು ತೋರಿಸು ಅಂದೆ. ಮೊಬೈಲ್ ತೆಗೆದು ಓದಿದಳು. ಇಂಗ್ಲಿಷಿನಲ್ಲೇ ಹೇಳುತ್ತೇನೆ, ಇದನ್ನು ಕಿವಿಯಿಂದಲೇ ಕೇಳಬೇಕು: "ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ವಾಂಟ್ ಯುವರ್ ಎಸ್ಟೀಮ್ಡ್ ಪೇಪರ್. ಯು ಶುಡ್ ಸೆಂಡ್ ಇಟ್ ಅಟ್ ದಿ ಅರ್ಲಿಯೆಸ್ಟ್. ಕೈಂಡ್ಲಿ ಡೂ ದ ನೀಡ್‌ಫುಲ್."

ನನಗೆ ನಗು ಬಂತು, ನಗಲಿಲ್ಲ. ಯಾಕೆಂದರೆ ಈ ಹುಡುಗಿ ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವಳಲ್ಲ. ಹಿರಿಯರು ಬಂದರೆ ಎದ್ದು ನಿಲ್ಲುವವಳು. ಅವಳ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ಹೀಗಿತ್ತು: "ತಮ್ಮ ಲೇಖನ ನನಗೆ ಬೇಕಾಗಿದೆ, ದಯವಿಟ್ಟು ಕಳುಹಿಸಿಕೊಡಬೇಕು." ಇದರಲ್ಲಿ ಏನು ತಪ್ಪು? ಏನೂ ಇಲ್ಲ. ಕನ್ನಡದಲ್ಲಿ ಇದಕ್ಕಿಂತ ವಿನಯದ ಮಾತು ಸಿಗುವುದು ಕಷ್ಟ. "ತಮ್ಮ" ಅಂದಾಗಲೇ ತಲೆ ಬಾಗಿತು. "ಕಳುಹಿಸಿಕೊಡಬೇಕು" ಎನ್ನುವಲ್ಲಿ "ಕೊಡು" ಸೇರಿಕೊಂಡು ಇದು ಉಪಕಾರ ಎಂದು ಒಪ್ಪಿಕೊಂಡಾಯಿತು. ಕೊನೆಯ "ಬೇಕು" ನಮ್ಮಲ್ಲಿ ಅಪ್ಪಣೆಯಲ್ಲ, ಪ್ರಾರ್ಥನೆ. ಮದುವೆಯ ಕರೆಯೋಲೆಯಲ್ಲಿ "ತಾವು ಸಕುಟುಂಬ ಸಮೇತರಾಗಿ ಬಂದು ಹರಸಬೇಕು" ಎಂದು ಅಚ್ಚು ಹಾಕಿಸುತ್ತೇವಲ್ಲ, ಆ "ಬೇಕು".

ಇಂಗ್ಲಿಷಿಗೆ ದಾಟಿಸಿದ ಕೂಡಲೇ ಆ "ಬೇಕು" ಬಣ್ಣ ಬದಲಾಯಿಸುತ್ತದೆ. "ಬೇಕಾಗಿದೆ" ಎನ್ನುವುದು "ಐ ವಾಂಟ್" ಆಗುತ್ತದೆ. ಅದು ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳುವ ದನಿ. "ಕೊಡಬೇಕು" ಎನ್ನುವುದು "ಯು ಶುಡ್" ಆಗುತ್ತದೆ. ಅದು ತಪ್ಪು ಮಾಡಿದವನಿಗೆ ಬುದ್ಧಿ ಹೇಳುವ ದನಿ. ನಮ್ಮ ಭಾಷೆಯಲ್ಲಿ ಮರ್ಯಾದೆ ಕೂತಿರುವುದು ಸರ್ವನಾಮದಲ್ಲಿ, ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನ "ಯು" ಏಕವಚನಕ್ಕೂ ಒಂದೇ, ಬಹುವಚನಕ್ಕೂ ಒಂದೇ. ಮರ್ಯಾದೆ ಇಡಲು ಜಾಗವೇ ಸಿಗದೆ ನಾವು ಅದನ್ನೆಲ್ಲ ವಿಶೇಷಣಗಳಿಗೆ ತುಂಬುತ್ತೇವೆ. ರೆಸ್ಪೆಕ್ಟೆಡ್, ಎಸ್ಟೀಮ್ಡ್, ಹಂಬಲ್. ಮೇಲೆ ಸಾಷ್ಟಾಂಗ ನಮಸ್ಕಾರ, ಕೆಳಗೆ ಅಮಲ್ದಾರರ ಹುಕುಂ. ಓದುವವರಿಗೆ ಇದು ಎಂಥ ಮನುಷ್ಯ ಎಂದು ಗೊಂದಲವಾಗದೆ ಇರುತ್ತದೆಯೇ?

ಇನ್ನೂ ಎರಡು ಮಾತು ಅವಳಿಗೆ ತಿಳಿದಿರಲಿಲ್ಲ. "ವಿತ್ ಡ್ಯೂ ರೆಸ್ಪೆಕ್ಟ್" ಎಂದು ಇಂಗ್ಲಿಷಿನವರು ಶುರು ಮಾಡಿದರೆ ಅದರ ಹಿಂದೆ ತಕರಾರು ಬರುತ್ತದೆ ಎಂದೇ ಅರ್ಥ. ನಾವು "ನಿಮ್ಮ ಮಾತಿಗೆ ಗೌರವ ಇಟ್ಟೇ ಹೇಳ್ತೀನಿ" ಎಂದು ಶುರು ಮಾಡುವ ಹಾಗೆ. "ಕೈಂಡ್ಲಿ" ಎನ್ನುವುದಂತೂ ಅಲ್ಲಿ ಹೆಚ್ಚಾಗಿ ಸೂಚನಾ ಫಲಕದ ಭಾಷೆ: ದಯವಿಟ್ಟು ಹುಲ್ಲಿನ ಮೇಲೆ ನಡೆಯಬೇಡಿ. "ಡೂ ದ ನೀಡ್‌ಫುಲ್" ನಮ್ಮ ಕಚೇರಿಗಳಲ್ಲಿ ಇನ್ನೂ ಬದುಕಿದೆ, ಬದುಕಲಿ. ಅದನ್ನು ಕಡಲಾಚೆ ಕಳಿಸುವುದು ಬೇಡ.

ಹಾಗಾದರೆ ಅಲ್ಲಿ ಮರ್ಯಾದೆ ತೋರಿಸುವುದು ಹೇಗೆ? ನನ್ನ ತಿಳಿವಳಿಕೆಯಲ್ಲಿ ಮೂರು ಕಡೆ: ಹೆಸರನ್ನು ಸರಿಯಾಗಿ ಬರೆಯುವುದರಲ್ಲಿ, ಅವರ ಕೆಲಸವನ್ನು ಓದಿದ್ದೇನೆ ಎಂದು ಕಾಣಿಸುವುದರಲ್ಲಿ, ಅವರ ಸಮಯ ತಿನ್ನದೆ ಇರುವುದರಲ್ಲಿ. ಎರಡನೆಯದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ನಿದರ್ಶನ ಇದೆ. 1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ಮುಖ ಪರಿಚಯವಿಲ್ಲದ ಐನ್‌ಸ್ಟೈನರಿಗೆ ಪತ್ರ ಬರೆದರು. ಜೊತೆಗೆ ತಮ್ಮ ಒಂದು ಲೇಖನ ಇಟ್ಟಿದ್ದರು. ಬೋಸರೂ "ರೆಸ್ಪೆಕ್ಟೆಡ್ ಸರ್" ಎಂದೇ ಬರೆದರು; ಆ ಕಾಲದ ರೀತಿ ಅದು. ಐನ್‌ಸ್ಟೈನರನ್ನು ಓದಿಸಿದ್ದು ಆ ಸಂಬೋಧನೆಯಲ್ಲ. ಲೇಖನದಲ್ಲಿ ತಾನು ಏನನ್ನು ಸಾಧಿಸಿದ್ದೇನೆ ಎಂದು ಬೋಸ್ ಒಂದೆರಡು ವಾಕ್ಯದಲ್ಲಿ ಹೇಳಿದ್ದರು. ಯೋಗ್ಯ ಎನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಗಲು ಏರ್ಪಾಡು ಮಾಡಿ ಎಂದು ಒಂದೇ ಒಂದು ಕೋರಿಕೆ ಇಟ್ಟಿದ್ದರು. ನಿಮ್ಮ ಸಾಪೇಕ್ಷತಾ ಲೇಖನವನ್ನು ಇಂಗ್ಲಿಷಿಗೆ ತರಲು ಅನುಮತಿ ಕೇಳಿದ್ದ ಕಲ್ಕತ್ತೆಯವನು ನಾನೇ ಎಂದು ನೆನಪಿಸಿದ್ದರು. ನಿಮ್ಮನ್ನು ಓದಿದ್ದೇನೆ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಯಾವುದು? ಐನ್‌ಸ್ಟೈನ್ ಆ ಲೇಖನವನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಅದೇ ವರ್ಷ ಪ್ರಕಟಿಸಿದರು. ನಮ್ಮ ಹುಡುಗಿ ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ, ಒಂದು ಪಿಡಿಎಫ್. ದಾರಿ ಮಾತ್ರ ಅದೇ.

ಬರೆಯುವ ಮೊದಲು ಒಂದು ಕೆಲಸ ಮಾಡಿಸಿದೆ. ಲೇಖನ ಬೇರೆಲ್ಲಾದರೂ ಬಿಟ್ಟಿ ಸಿಗುತ್ತದೆಯೇ ಎಂದು ಹುಡುಕು ಅಂದೆ. ಪ್ರಾಧ್ಯಾಪಕರ ಸ್ವಂತ ಪುಟ, ಅವರ ವಿಶ್ವವಿದ್ಯಾಲಯದ ಭಂಡಾರ, ಮುಕ್ತ ಸಂಗ್ರಹಗಳು, ಇಷ್ಟನ್ನು ನೋಡಲು ಅರ್ಧ ಗಂಟೆ ಸಾಕು. ಎದುರಿಗೇ ಇಟ್ಟಿದ್ದನ್ನು ಕೇಳಿದರೆ ಅವರಿಗೆ ಬೇಸರವಾಗುವುದು ಸಹಜ. ಭಾರತ ಸರ್ಕಾರ "ಒಂದು ದೇಶ, ಒಂದು ಚಂದಾ" ಯೋಜನೆಯನ್ನು 2025ರ ಜನವರಿಯಿಂದ ಶುರು ಮಾಡಿದೆ. ಅದರಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಸರ್ಕಾರಿ ಕಾಲೇಜಿನ ಮಕ್ಕಳು ಮೊದಲು ತಮ್ಮ ಗ್ರಂಥಪಾಲಕರನ್ನು ಕೇಳಬೇಕು. ಇವಳದು ಖಾಸಗಿ ಕಾಲೇಜು, ಆ ಬಾಗಿಲು ಮುಚ್ಚಿತ್ತು.

ಕೇಳುವುದೇ ತಪ್ಪಲ್ಲವೇ ಎಂಬ ಸಂಕೋಚವೂ ಅವಳಿಗಿತ್ತು. ಅದು ಬೇಡ. ಪ್ರಕಾಶಕರು ಪಡೆಯುವ ಆ ಮೂರು ಸಾವಿರದಲ್ಲಿ ಬರೆದವರಿಗೆ ಬಿಡಿಗಾಸೂ ಹೋಗುವುದಿಲ್ಲ. ಕೇಳಿದ ಒಬ್ಬ ಸಂಶೋಧಕರಿಗೆ ಸ್ವಂತ ಅಧ್ಯಯನಕ್ಕೆಂದು ಪ್ರತಿ ಕಳಿಸುವುದಕ್ಕೆ ಸಾಮಾನ್ಯವಾಗಿ ಲೇಖಕರಿಗೆ ಅವಕಾಶ ಇರುತ್ತದೆ. ಇದು ಹಳೆಯ ಸಂಪ್ರದಾಯ ಕೂಡ. ನಾನು ಸಂಶೋಧನೆಗೆ ಸೇರಿದ ಕಾಲದಲ್ಲಿ ನಮ್ಮ ವಿಭಾಗದಲ್ಲಿ ಅಚ್ಚು ಹಾಕಿಸಿದ ಕಾರ್ಡುಗಳಿದ್ದವು. "ನಿಮ್ಮ ಈ ಲೇಖನದ ಒಂದು ಪ್ರತಿ ಕಳಿಸಿದರೆ ಉಪಕೃತನಾಗುತ್ತೇನೆ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಹೆಸರು, ಲೇಖನ, ಪತ್ರಿಕೆ ಇವುಗಳಿಗೆ ಖಾಲಿ ಗೆರೆ. ತುಂಬಿ ಅಂಚೆಗೆ ಹಾಕುವುದು. ಲೇಖಕರಿಗೆ ಪತ್ರಿಕೆಯವರು ಕೆಲವು ಬಿಡಿ ಪ್ರತಿಗಳನ್ನು ಕೊಡುತ್ತಿದ್ದರು. ಅದರಲ್ಲೊಂದನ್ನು ಅವರು ತಮ್ಮ ಖರ್ಚಿನಲ್ಲೇ ಕಳಿಸುತ್ತಿದ್ದರು. ಎರಡು ಮೂರು ತಿಂಗಳಾದ ಮೇಲೆ ಯಾವ ಯಾವುದೋ ದೇಶದ ಸ್ಟ್ಯಾಂಪು ಹೊತ್ತ ಲಕೋಟೆ ಬಂದಾಗಿನ ಖುಷಿ ಈಗಿನ ಮಕ್ಕಳಿಗೆ ಹೇಳಿದರೆ ತಿಳಿಯುವುದಿಲ್ಲ.

ಆ ಕಾಲದ ನನ್ನದೇ ಒಂದು ಪ್ರಮಾದ ಹೇಳಿಬಿಡುತ್ತೇನೆ. ಆಗ ಹಲವು ಪತ್ರಿಕೆಗಳಲ್ಲಿ ಲೇಖಕರ ಮನೆತನದ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುತ್ತಿತ್ತು. ವಿಜ್ಞಾನಿ ಎಂದರೆ ಗಂಡಸು ಎಂದು ನಾನು ತೀರ್ಮಾನಿಸಿ "ಡಿಯರ್ ಸರ್" ಎಂದು ಬರೆದಿದ್ದೆ. ಲೇಖನ ಬಂತು. ಮೊದಲ ಪುಟದಲ್ಲಿ ಅವರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಚಿಕ್ಕದಾಗಿ "ಮೇಡಂ" ಎಂದು ಬರೆದು ನಗುಮುಖ ಬಿಡಿಸಿತ್ತು. ಅಂಥ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ನಮ್ಮ ಹುಡುಗಿ "ರೆಸ್ಪೆಕ್ಟೆಡ್ ಸರ್" ಎಂದು ಬರೆದಿದ್ದಳಲ್ಲ, ಆ ಡಚ್ ಪ್ರೊಫೆಸರರೂ ಮಹಿಳೆಯೇ. ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಚಿತ್ರವೇ ಇತ್ತು. ನೋಡಿರಲಿಲ್ಲ.

ಸಂಬೋಧನೆಗೆ ಒಂದೇ ಸೂತ್ರ ಸಾಕು: "ಡಿಯರ್ ಪ್ರೊಫೆಸರ್" ಎಂದು ಬರೆದು ಮನೆತನದ ಹೆಸರು. ಅವರ ಪುಟದಲ್ಲಿ ಪ್ರೊಫೆಸರ್ ಎಂದಿಲ್ಲದೆ ಡಾಕ್ಟರ್ ಎಂದಿದ್ದರೆ "ಡಿಯರ್ ಡಾಕ್ಟರ್". ಗಂಡು ಹೆಣ್ಣಿನ ಪ್ರಶ್ನೆಯೇ ಏಳುವುದಿಲ್ಲ. "ಡಿಯರ್" ಎಂದರೆ ಪ್ರೀತಿಯ ಎಂದು ನಾಚಿಕೊಳ್ಳಬೇಡಿ, ನಮ್ಮ "ಮಾನ್ಯರೇ" ಹೇಗೋ ಹಾಗೆ, ಅದು ಬರೀ ರೂಢಿ. ತೊಡಕು ಇರುವುದು ಮನೆತನದ ಹೆಸರು ಯಾವುದು ಎಂಬಲ್ಲಿ. ನಮ್ಮಲ್ಲಿ "ರಮೇಶ್ ಸರ್" ಅನ್ನುತ್ತೇವೆ, ಅದೇ ಧಾಟಿಯಲ್ಲಿ "ಪ್ರೊಫೆಸರ್ ಜಾನ್" ಎಂದು ಬರೆದುಬಿಡುತ್ತೇವೆ. ಅಲ್ಲಿ ಅದು ಮರ್ಯಾದೆಯೂ ಅಲ್ಲ, ಸಲಿಗೆಯೂ ಅಲ್ಲ, ಎರಡರ ನಡುವಿನ ಎಡವಟ್ಟು. ಚೀನಾದವರ ಹೆಸರಿನಲ್ಲಿ ಮನೆತನ ಮೊದಲು ಬರುತ್ತದೆ. ಮಲೇರಿಯಾ ಔಷಧಿಗೆ 2015ರಲ್ಲಿ ನೊಬೆಲ್ ಪಡೆದ ಟು ಯುಯು ಅವರು ಪ್ರೊಫೆಸರ್ ಟು, ಪ್ರೊಫೆಸರ್ ಯುಯು ಅಲ್ಲ. ಡಚ್ಚರಲ್ಲಿ "ವಾನ್" ಎನ್ನುವುದು ಇನಿಷಿಯಲ್ ಅಲ್ಲ, ಮನೆತನದ ಭಾಗ. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಆಂಟೋನಿ ವಾನ್ ಲೇವೆನ್‌ಹುಕ್ ಇಂದು ಇದ್ದಿದ್ದರೆ ಅವರು ಪ್ರೊಫೆಸರ್ ವಾನ್ ಲೇವೆನ್‌ಹುಕ್. ಅವರು ಪ್ರೊಫೆಸರ್ ಆಗಿರಲಿಲ್ಲ, ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಆ ಮಾತು ಬೇರೆ. ಇಂಗ್ಲಿಷ್ ಬಾರದ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ತಮ್ಮ ಡಚ್ ಭಾಷೆಯಲ್ಲೇ ಬರೆಯುತ್ತಿದ್ದರು. ಅವರು ತಮ್ಮ ಮಸೂರದಲ್ಲಿ ಕಂಡದ್ದನ್ನು ಬರೆದರು, ಸೊಸೈಟಿಯವರು ಅನುವಾದ ಮಾಡಿಸಿಕೊಂಡು ಓದಿದರು.

ಇನ್ನು ವಿಳಾಸ. ಲೇಖನದ ಸಾರಾಂಶದ ಪಕ್ಕ ಒಬ್ಬ ಲೇಖಕರ ಹೆಸರಿಗೆ ನಕ್ಷತ್ರದ ಗುರುತು, ಇಮೇಲ್ ಇರುತ್ತದೆ. ಪತ್ರ ವ್ಯವಹಾರ ಅವರ ಹೊಣೆ. ಆದರೆ 2009ರ ವಿಳಾಸ ಈಗಲೂ ನಡೆಯುತ್ತದೆ ಎಂಬ ಭರವಸೆ ಇಲ್ಲ. ನಮ್ಮ ಪ್ರೊಫೆಸರ್ ನಡುವೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಹುಡುಗಿಯ ಮೊದಲ ಪತ್ರ ಹೋದದ್ದು ಯಾರೂ ತೆರೆಯದ ಪೆಟ್ಟಿಗೆಗೆ. ಅಂದರೆ ಅವಳ ಇಂಗ್ಲಿಷನ್ನು ಆ ತಾಯಿ ನೋಡಿಯೇ ಇರಲಿಲ್ಲ! ಇದನ್ನು ಕೇಳಿ ಅವಳಿಗಾದ ಸಮಾಧಾನ ಅಷ್ಟಿಷ್ಟಲ್ಲ. ನಾಲ್ವರು ಲೇಖಕರಿದ್ದರೆ ನಾಲ್ವರಿಗೂ ಒಟ್ಟಿಗೆ ಕಳಿಸಬೇಡಿ. ಮತ್ತೊಬ್ಬರು ಕೊಟ್ಟಿರುತ್ತಾರೆ ಎಂದು ನಾಲ್ವರೂ ಸುಮ್ಮನಾಗುತ್ತಾರೆ.

ಆಮೇಲೆ ಊಟ ಮುಗಿಸಿ ಹೊಸದಾಗಿ ಬರೆಯಲು ಕೂತೆವು. ಮೊದಲಿಗೆ ವಿಷಯದ ಸಾಲು. ಅವಳು "ಅರ್ಜೆಂಟ್ ರಿಕ್ವೆಸ್ಟ್" ಎಂದು ಹಾಕಿದ್ದಳು. ಅರ್ಜೆಂಟು ನಮಗೆ, ಅವರಿಗಲ್ಲ. ಅದರ ಬದಲು "ಬೀಜಾಣು ಬಿಡುಗಡೆ ಕುರಿತ ನಿಮ್ಮ 2009ರ ಲೇಖನಕ್ಕೆ ಕೋರಿಕೆ" ಎಂಬರ್ಥದ ಒಂದು ಸಾಲು ಹಾಕಿದೆವು. ತೆರೆಯುವ ಮೊದಲೇ ಏನು ಎಂದು ತಿಳಿಯಬೇಕು. ಪಿಎಚ್.ಡಿ. ಸೀಟು ಬೇಡಿ ಒಂದೇ ಪತ್ರವನ್ನು ನೂರಾರು ಮಂದಿಗೆ ಕಳಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅದರ ಗುರುತುಗಳು ಅವರಿಗೆ ಬಾಯಿಪಾಠ: ಹೆಸರಿಲ್ಲದ "ರೆಸ್ಪೆಕ್ಟೆಡ್ ಸರ್", ಹೊಗಳಿಕೆ, ಕೇಳದೆ ಅಂಟಿಸಿದ ಬಯೋಡೇಟಾ. ಈ ಮೂರು ಕಂಡರೆ ಒಳಗೆ ಎಷ್ಟೇ ನಿಜವಾದ ಕೋರಿಕೆ ಇದ್ದರೂ ಬೆರಳು ಅಳಿಸುವ ಗುಂಡಿಗೆ ಹೋಗುತ್ತದೆ.

ನಾವು ಬರೆದ ಪತ್ರದ ಕನ್ನಡ ರೂಪ ಹೀಗಿದೆ. "ನಾನು ದಕ್ಷಿಣ ಭಾರತದ ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಮಳೆಗಾಲದಲ್ಲಿ ಇಲ್ಲಿನ ಅಡಿಕೆ ಬೆಳೆಗೆ ಬರುವ ಫೈಟಾಫ್ತೊರ ಕಾಯಿಕೊಳೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಬೀಜಾಣು ಚೀಲಗಳನ್ನು ತಂಪುಗೊಳಿಸಿದಾಗ ಈಜುವ ಬೀಜಾಣುಗಳು ಒಂದೇ ಸಲಕ್ಕೆ ಹೊರಬರುತ್ತವೆ ಎಂದು ನಿಮ್ಮ ಲೇಖನದ ಸಾರಾಂಶದಲ್ಲಿ ಓದಿದೆ. ನನ್ನ ಪ್ರಯೋಗದಲ್ಲಿ ಅವು ಬಿಡಿಬಿಡಿಯಾಗಿ ಬರುತ್ತಿವೆ. ನೀವು ಬಳಸಿದ ಉಷ್ಣಾಂಶ ಮತ್ತು ಅವಧಿಯನ್ನು ನೋಡಬೇಕೆಂದಿದ್ದೇನೆ. ನಮ್ಮ ಗ್ರಂಥಾಲಯದಲ್ಲಿ ಆ ಪತ್ರಿಕೆ ಇಲ್ಲ, ಮುಕ್ತ ಪ್ರತಿಯೂ ನನಗೆ ಸಿಗಲಿಲ್ಲ. ಒಂದು ಪ್ರತಿ ಕಳಿಸಲು ಸಾಧ್ಯವಾದರೆ ನಾನು ಕೃತಜ್ಞಳು. ನಿಮ್ಮ ಸಮಯಕ್ಕೆ ವಂದನೆಗಳು." ಕೆಳಗೆ ಪೂರ್ತಿ ಹೆಸರು, ವಿಭಾಗ, ಕಾಲೇಜು, ಊರು. ಅಷ್ಟೇ.

ಇಲ್ಲಿ ಕೀಲು ಇರುವುದು ಕೋರಿಕೆಯ ವಾಕ್ಯದಲ್ಲಿ. ಇಂಗ್ಲಿಷಿನಲ್ಲಿ ಅದು "ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸೆಂಡ್ ಮಿ ಎ ಕಾಪಿ." ಈ "ವುಡ್" ಮತ್ತು "ಕುಡ್" ನಮ್ಮ "ತಾವು" ಇದ್ದ ಹಾಗೆ. ಮರ್ಯಾದೆಯೆಲ್ಲ ಆ ಎರಡು ಪುಟ್ಟ ಪದಗಳಲ್ಲಿದೆ. "ಸಾಧ್ಯವಾದರೆ" ಎಂದು ಇಲ್ಲ ಎನ್ನುವುದಕ್ಕೂ ದಾರಿ ಬಿಟ್ಟಿರುತ್ತೇವೆ. ಅಂಥ ದಾರಿ ಬಿಡದೆ ಕೇಳಿದ್ದು ಅಲ್ಲಿನವರ ಕಿವಿಗೆ ಒತ್ತಾಯ ಎಂದೇ ಕೇಳಿಸುತ್ತದೆ. "ನಿಮ್ಮ ಅನುಕೂಲಕರ ಉತ್ತರದ ನಿರೀಕ್ಷೆಯಲ್ಲಿ" ಎಂಬ ಕೊನೆಯ ಸಾಲನ್ನು ಅವಳು ಎರಡು ಸಲ ಸೇರಿಸಿದಳು, ನಾನು ಎರಡು ಸಲ ಹೊಡೆದುಹಾಕಿದೆ.

"ಬಿಡಿಬಿಡಿಯಾಗಿ ಬರುತ್ತಿವೆ" ಎಂದು ನಮ್ಮ ಸೋಲನ್ನು ಹೇಳಿಕೊಳ್ಳುವುದು ಅವಳಿಗೆ ಇಷ್ಟವಿರಲಿಲ್ಲ. "ನಿಮ್ಮ ವಿಶ್ವವಿಖ್ಯಾತ ಸಂಶೋಧನೆ" ಎಂದು ಹಾಕೋಣವೇ ಸರ್ ಎಂದು ಕೇಳಿದಳು. ಮಾರಾಯ್ತಿ, ವಿಶ್ವವಿಖ್ಯಾತ ಎಂದು ಯಾರು ಬೇಕಾದರೂ ಓದದೆಯೇ ಬರೆಯಬಹುದು. ಬಿಡಿಬಿಡಿಯಾಗಿ ಬರುತ್ತಿವೆ ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಮಾತ್ರ ಬರೆಯಬಲ್ಲಳು ಎಂದೆ. ಒಪ್ಪಿದಳು.

ಸಹಿಯಲ್ಲೂ ಒಂದು ಚರ್ಚೆಯಾಯಿತು. ಹೆಸರಿನ ಮುಂದೆ "ಕುಮಾರಿ" ಎಂದು ಹಾಕಿದ್ದಳು, ತೆಗೆಸಿದೆ. ಎರಡು ಇನಿಷಿಯಲ್ ಹಿಂದೆ ಒಂದು ಹೆಸರಿದ್ದರೆ ಅವರು ಅದನ್ನೇ ಮನೆತನದ ಹೆಸರೆಂದು ತಿಳಿದು "ಮಿಸ್" ಸೇರಿಸಿ ಕರೆಯುತ್ತಾರೆ. ಕರೆದರೆ ಕರೆಯಲಿ, ತಿದ್ದಲು ಹೋಗಬೇಡ ಅಂದೆ.

ಪತ್ರ ಕಳಿಸಿದ್ದು ಜುಲೈ ಕೊನೆಯಲ್ಲಿ. ಮರುಕ್ಷಣ ಉತ್ತರ ಬಂತು. ಹುಡುಗಿ ಕುಣಿದಳು. ನೋಡಿದರೆ ಅದು ಯಂತ್ರದ ಉತ್ತರ: ರಜೆಯಲ್ಲಿದ್ದೇನೆ, ಇಂಥ ದಿನ ಬರುತ್ತೇನೆ. ಯುರೋಪಿನಲ್ಲಿ ಜುಲೈ, ಆಗಸ್ಟ್ ಬೇಸಿಗೆ ರಜೆ. ಆ ಹೊತ್ತಿನ ಮೌನಕ್ಕೆ ನೊಂದುಕೊಳ್ಳಬಾರದು. ಮಾಮೂಲಿ ದಿನಗಳಲ್ಲಾದರೆ ಎರಡು ವಾರ ಕಾದು, ಅದೇ ಪತ್ರದ ಕೆಳಗೆ ಎರಡು ಸಾಲಿನ ಒಂದು ನೆನಪೋಲೆ ಕಳಿಸಬಹುದು. ಒಂದೇ. ಅದಕ್ಕೂ ಉತ್ತರವಿಲ್ಲದಿದ್ದರೆ ಇನ್ನೊಬ್ಬ ಲೇಖಕರಿಗೆ ಬೇರೆಯಾಗಿ ಬರೆಯಬೇಕು. ಪ್ರಯೋಗ ಮಾಡಿದವರು ಹಲವು ಸಲ ಪಟ್ಟಿಯಲ್ಲಿ ಮೊದಲ ಹೆಸರಿನವರೇ, ಅಂದರೆ ಆಗಿನ ವಿದ್ಯಾರ್ಥಿ. ಅವರಿಗೆ ವಿವರ ಹೆಚ್ಚು ನೆನಪಿರುತ್ತದೆ, ಬಿಡುವೂ ಹೆಚ್ಚಿರುತ್ತದೆ.

ಇವಳಿಗೆ ಆ ಸರದಿ ಬರಲಿಲ್ಲ. ರಜೆ ಮುಗಿದ ಮೂರನೆಯ ದಿನ ಲೇಖನ ಬಂತು. ಜೊತೆಗೆ ಎರಡು ಸಾಲು: ಬೀಜಾಣು ಚೀಲ ತೀರಾ ಎಳೆಯದಾದರೂ, ತೀರಾ ಹಳೆಯದಾದರೂ ಹೀಗಾಗುತ್ತದೆ, ನಿಮ್ಮದು ಎಷ್ಟು ದಿನದ್ದು ನೋಡಿ. ಹೊಗಳಿಕೆ ಹಾಕಿದ್ದರೆ ಈ ಸಾಲು ಬರುತ್ತಿರಲಿಲ್ಲ. ಕೆಳಗೆ ಬರೀ ಮೊದಲ ಹೆಸರಿನ ಸಹಿ. ಹುಡುಗಿಗೆ ಹೊಸ ಸಂಕಟ: "ನಾನೂ ಹೆಸರು ಹಿಡಿದು ಕರೆಯಬೇಕಾ ಸರ್?" ಡಚ್ಚರು ಹೀಗೆ ಬೇಗ ಸಲಿಗೆ ಕೊಡುತ್ತಾರೆ, ಜರ್ಮನ್ನರು ಅಷ್ಟು ಬೇಗ ಕೊಡುವುದಿಲ್ಲ. ಸಹಿ ಹಾಗೆ ಬಂದ ಮೇಲೆ ಕರೆದರೆ ತಪ್ಪಿಲ್ಲ, ನಾಲಿಗೆ ಏಳದಿದ್ದರೆ "ಪ್ರೊಫೆಸರ್" ಎಂದೇ ಬರೆದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇವಳ ನಾಲಿಗೆ ಏಳಲಿಲ್ಲ.

ಅದೇ ಸಂಜೆ ಮೂರು ಸಾಲಿನ ವಂದನೆ ಬರೆಸಿದೆ. ಬಂದ ಪಿಡಿಎಫ್‌ಅನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡ, ಅದು ನಿನಗೊಬ್ಬಳಿಗೆ ಕೊಟ್ಟದ್ದು ಅಂದೆ. ಅವಳ ಬೀಜಾಣು ಚೀಲಗಳು ನಿಜಕ್ಕೂ ಹಳೆಯವಾಗಿದ್ದವು. ಹೊಸದಾಗಿ ಬೆಳೆಸಿ ತಂಪು ಮಾಡಿದ ದಿನ ರಾತ್ರಿ ಒಂಬತ್ತು ಗಂಟೆಗೆ ನನಗೆ ಫೋನ್ ಬಂತು: "ಈಜ್ತಾ ಇವೆ ಸರ್." ಈ ಮಾತನ್ನು ಮೊದಲು ಆ ಪ್ರೊಫೆಸರರಿಗೆ ಬರೆದು ಆಮೇಲೆ ನನಗೆ ಹೇಳಬೇಕಿತ್ತು ಎಂದು ಬೈದು ಫೋನ್ ಇಟ್ಟೆ.